‘ತಗೋತೀರಾ?’ ಅಂತ ಕೇಳಬೇಡಿ

1/9

ಫೋಟೋದಲ್ಲಿ ಕಾಣ್ತಿರೋದು ನಮ್ಮ ಅಡುಗೆಮನೆ ಶೆಲ್ಫ್. ಅದರ ಮೇಲಿರೋದು 31 ಪ್ಯಾಕೆಟ್ ಕಾಫಿ ಪುಡಿ, ಒಂದೊಂದೂ 250 ಗ್ರಾಂ. ಅಮ್ಮ ಮಾಡಿಸಿದ್ದು 40. ಎರಡು ವಾರದಲ್ಲಿ ಹೋಗಿದ್ದು 9. ಆ ಒಂಬತ್ತರಲ್ಲಿ ಐದನ್ನ ತಗೊಂಡಿದ್ದು ನಮ್ಮ ನೆಂಟರೇ.

ನಿಮ್ಮಲ್ಲಿ ತುಂಬಾ ಜನಕ್ಕೆ ಇದು ನೆನಪಿರಬಹುದು. ಜೂನ್‌ನಲ್ಲಿ ನಾನು ಇಲ್ಲೇ ಸ್ಟೋರಿಲಿ ಒಂದು ಪೋಲ್ ಹಾಕಿದ್ದೆ: “ಅಮ್ಮ ಮಾಡಿದ ಪ್ಯೂರ್ ಕಾಫಿ ಪುಡಿ ಬಂದ್ರೆ ತಗೋತೀರಾ?” ಆಯ್ಕೆ ಎರಡೇ. “ಪಕ್ಕಾ 😍” ಮತ್ತು “ಇಲ್ಲ”. ಒಟ್ಟು 96 ಜನ ಒತ್ತಿದ್ರಿ. 84 ಜನ ಪಕ್ಕಾ ಅಂದ್ರಿ. ನೂರಕ್ಕೆ 87! ನಾನು ಸ್ಕ್ರೀನ್‌ಶಾಟ್ ತೆಗೆದು ಅಮ್ಮನಿಗೆ ತೋರಿಸಿದೆ. ಅಮ್ಮ ಅದನ್ನ ಅಪ್ಪನಿಗೆ ತೋರಿಸಿದ್ರು.

ಖರ್ಚು ಹೇಳ್ತೀನಿ. 10 ಕೆಜಿ ಪುಡಿಗೆ ಸುಮಾರು 12 ಕೆಜಿ ಹುರಿಯದ ಬೀಜ ಬೇಕು, ಹುರಿದಾಗ ತೂಕ ಇಳಿಯುತ್ತೆ. ಬೀಜ ಮನೆ ತೋಟದ್ದೇ. ಆದ್ರೆ ಅವತ್ತು ಅದನ್ನ ಹಾಗೇ ಮಾರಿದ್ರೆ 4,800 ರೂಪಾಯಿ ಬರ್ತಿತ್ತು. ಹುರಿಸಿ, ಪುಡಿ ಮಾಡಿಸಿ, ಪೌಚ್, ಸ್ಟಿಕ್ಕರ್ ಅಂತ ಇನ್ನೂ 1,200. ಒಟ್ಟು 6,000.

ಅದು ಹೋದ್ರೆ ಹೋಗ್ಲಿ. ನನಗೆ ಹೆದರಿಕೆ ಆಗಿದ್ದು ಬೇರೆ ವಿಷಯಕ್ಕೆ. ಆ 87ನ್ನ ನೋಡಿ ಅಮ್ಮ ಸ್ವಸಹಾಯ ಸಂಘದಲ್ಲಿ 40,000 ಸಾಲಕ್ಕೆ ಹೆಸರು ಕೊಡೋಕೆ ಹೊರಟಿದ್ರು. ಸ್ವಂತಕ್ಕೊಂದು ಸಣ್ಣ ಹುರಿಯೋ ಮಷಿನ್ ತಗೋಬೇಕು ಅಂತ.

ಪೋಲ್ ಹಾಕೋದು ಫ್ರೀ ಅಂತೀವಿ. ಅದರ ಉತ್ತರ ನಂಬಿ ಮನೆಯವರು ಸಾಲ ಮಾಡಿದ್ರೆ ಅದು ಫ್ರೀ ಹೇಗಾಗುತ್ತೆ?

ಈ ಸರಣಿ ಅದಕ್ಕೇ. ಪೋಲ್ ಬೇಡ ಅಂತ ನಾನು ಹೇಳ್ತಿಲ್ಲ. “ತಗೋತೀರಾ?” ಅನ್ನೋ ಪೋಲ್ ಬೇಡ ಅಂತ ಹೇಳ್ತಿದ್ದೀನಿ.

—

2/9

ಫೋಟೋ: ನನ್ನ ಅಕೌಂಟೆನ್ಸಿ ನೋಟ್‌ಬುಕ್ಕಿನ ಕೊನೇ ಪುಟ. ಹೆಸರುಗಳನ್ನ ಮಸುಕು ಮಾಡಿದ್ದೀನಿ.

ಪೋಲ್ ಹಾಕಿದವರಿಗೆ ಯಾರು ಯಾವುದನ್ನ ಒತ್ತಿದ್ರು ಅಂತ ಹೆಸರು ಸಮೇತ ಕಾಣುತ್ತೆ. ಆದ್ರೆ ನಾವು ನೋಡೋದು ಪರ್ಸೆಂಟ್ ಮಾತ್ರ. ಪುಡಿ ಮಾರಾಟ ಆಗದೇ ಕೂತ ಮೇಲೆ ಒಂದು ರಾತ್ರಿ ಕೂತು ಆ 96 ಹೆಸರನ್ನೂ ಬರೆದು ನಾಲ್ಕು ಗುಂಪು ಮಾಡಿದೆ.

41 ಜನ ನಮ್ಮ ಕಾಲೇಜಿನವರು. ಮನೆಯಲ್ಲೋ ಹಾಸ್ಟೆಲ್‌ನಲ್ಲೋ ಇರೋರು. ಇವರಲ್ಲಿ ಯಾರೂ ಸ್ವಂತ ದುಡ್ಡಲ್ಲಿ ಕಾಫಿ ಪುಡಿ ಕೊಂಡವರಲ್ಲ. ನಾನೂ ಕೊಂಡಿಲ್ಲ.

27 ಜನ ನೆಂಟರು, ಅಕ್ಕಪಕ್ಕದವರು. ಪಾಲಿಬೆಟ್ಟ, ಅಮ್ಮತ್ತಿ, ಸಿದ್ದಾಪುರ ಕಡೆಯವರು. ಇವರ ಮನೆಯಲ್ಲೆಲ್ಲ ಡಬ್ಬದ ತುಂಬ ಸ್ವಂತ ತೋಟದ ಪುಡಿನೇ ಇದೆ.

19 ಜನ ಯಾರು ಅಂತ ನನಗೆ ಸರಿಯಾಗಿ ಗೊತ್ತಿಲ್ಲ.

ಉಳಿದ 9 ಜನ ಬೆಂಗಳೂರು, ಮೈಸೂರಲ್ಲಿ ಇರೋ ಸೀನಿಯರ್‌ಗಳು, ಕಸಿನ್‌ಗಳು. ತಿಂಗಳು ತಿಂಗಳು ದುಡ್ಡು ಕೊಟ್ಟು ಪುಡಿ ಕೊಳ್ಳೋರು ಅಂತ ನನಗೆ ಖಾತ್ರಿ ಇರೋದು ಇಷ್ಟೇ ಜನ. ನೆಂಟರಲ್ಲದೇ ಪ್ಯಾಕೆಟ್ ತಗೊಂಡ ನಾಲ್ವರೂ ಈ ಗುಂಪಿನವರೇ.

ಅಂದ್ರೆ ನಾನು ಮಾಡಿದ್ದೇನು? ಕಾಫಿ ತೋಟದ ನಡುವೆ ನಿಂತು, ಕಾಫಿ ಬೆಳೆಯೋರ ಮಕ್ಕಳನ್ನ “ಕಾಫಿ ಕೊಳ್ತೀರಾ” ಅಂತ ಕೇಳಿದ್ದು. ಅವರು ಪ್ರೀತಿಗೆ “ಪಕ್ಕಾ” ಅಂದ್ರು. ಸುಳ್ಳು ಹೇಳಿಲ್ಲ, ನನಗೆ ಶುಭವಾಗ್ಲಿ ಅಂದ್ರು ಅಷ್ಟೇ. ಅದನ್ನ ನಾನು ಬೇಡಿಕೆ ಅಂತ ಓದಿಕೊಂಡೆ.

ಇನ್ನೂ ಜಾಸ್ತಿ ಜನರನ್ನ ಕೇಳಿದ್ರೆ ಸರಿಹೋಗ್ತಿತ್ತಾ? ಇಲ್ಲ. ಅದಕ್ಕೆ ಮುಂದಿನ ಪೋಸ್ಟ್.

—

3/9

ಫೋಟೋ: ಕಾಲೇಜ್ ಲೈಬ್ರರಿಯ ಕಿಟಕಿ, ಹೊರಗೆ ಮಳೆ.

1936ರ ಅಮೆರಿಕ. ಅಧ್ಯಕ್ಷರ ಚುನಾವಣೆ. ‘ಲಿಟರರಿ ಡೈಜೆಸ್ಟ್’ ಅನ್ನೋ ಪತ್ರಿಕೆ ಸುಮಾರು ಒಂದು ಕೋಟಿ ಜನಕ್ಕೆ ಕಾರ್ಡ್ ಕಳಿಸಿ “ಯಾರಿಗೆ ವೋಟು?” ಅಂತ ಕೇಳಿತು. 20 ಲಕ್ಷಕ್ಕೂ ಹೆಚ್ಚು ಕಾರ್ಡ್ ವಾಪಸ್ ಬಂದವು. ಲೆಕ್ಕ ಹಾಕಿ “ಲ್ಯಾಂಡನ್ ಗೆಲ್ತಾರೆ” ಅಂತ ಬರೆದ್ರು. ಗೆದ್ದಿದ್ದು ರೂಸ್‌ವೆಲ್ಟ್, 48 ರಾಜ್ಯಗಳಲ್ಲಿ 46ರಲ್ಲಿ! ಅದಕ್ಕಿಂತ ತುಂಬಾ ಕಡಿಮೆ ಜನರನ್ನ ಕೇಳಿದ್ದ ಜಾರ್ಜ್ ಗ್ಯಾಲಪ್ ಅವರ ಲೆಕ್ಕ ಸರಿಯಾಯ್ತು.

ಪತ್ರಿಕೆ ಎಡವಿದ್ದೆಲ್ಲಿ? ವಿಳಾಸಗಳನ್ನ ಟೆಲಿಫೋನ್ ಡೈರೆಕ್ಟರಿ, ಕಾರು ನೋಂದಣಿ ಪಟ್ಟಿಯಂಥ ಕಡೆಯಿಂದ ತಗೊಂಡಿದ್ರು. ಆ ಕಷ್ಟದ ಕಾಲದಲ್ಲಿ ಫೋನು, ಕಾರು ಇದ್ದವರು ಅನುಕೂಲಸ್ಥರು. ಜೊತೆಗೆ, ಕಾರ್ಡ್ ತುಂಬಿ ವಾಪಸ್ ಕಳಿಸೋ ಉತ್ಸಾಹ ಇದ್ದವರ ಉತ್ತರ ಮಾತ್ರ ಸಿಕ್ಕಿತು. ಒಂದೇ ಕಡೆಗೆ ವಾಲಿದ ಗುಂಪನ್ನ ಎಷ್ಟು ದೊಡ್ಡದು ಮಾಡಿದ್ರೂ ಅದು ವಾಲಿಕೊಂಡೇ ಇರುತ್ತೆ.

ನಮ್ಮ ಫಾಲೋವರ್ ಲಿಸ್ಟೂ ಒಂಥರಾ ಆ ಟೆಲಿಫೋನ್ ಡೈರೆಕ್ಟರಿನೇ. ನನ್ನ ವಯಸ್ಸಿನವರು, ನನ್ನೂರಿನವರು, ನನ್ನನ್ನ ಇಷ್ಟಪಡೋರು. ಅದರಲ್ಲೂ 24 ಗಂಟೆಯೊಳಗೆ ಸ್ಟೋರಿ ನೋಡಿದವರು. ಅದರಲ್ಲೂ ಒತ್ತೋ ಮನಸ್ಸು ಬಂದವರು.

ಇನ್ನೊಂದು ಮಾತು, ಸ್ಟ್ಯಾಟಿಸ್ಟಿಕ್ಸ್ ಪೇಪರ್ ಮುಗಿಸಿದವರಿಗೆ ಇದು ಗೊತ್ತಿರುತ್ತೆ. ಲಾಟರಿ ಎತ್ತಿದ ಹಾಗೆ ಯಾರನ್ನ ಬೇಕಾದ್ರೂ ಆರಿಸಿ 100 ಜನರನ್ನ ಕೇಳಿದ್ರೂ, ಬಂದ ಪರ್ಸೆಂಟ್ ಸುಮಾರು 10 ಆಚೆ ಈಚೆ ಇರಬಹುದು. ಅದನ್ನ 5ಕ್ಕೆ ಇಳಿಸಬೇಕು ಅಂದ್ರೆ 400 ಜನ ಬೇಕು. ನಮ್ಮದು ಲಾಟರಿನೂ ಅಲ್ಲ, 400 ಜನನೂ ಇಲ್ಲ. ಹಾಗಾಗಿ “ಬ್ರೌನ್ ಪೌಚ್‌ಗೆ 52, ಬಿಳಿ ಪೌಚ್‌ಗೆ 48, ಬ್ರೌನ್ ಗೆದ್ದಿತು” ಅಂತ ಹೇಳೋದು ಸುಮ್ನೆ. ಅದು ಟೈ.

ಹಾಗಾದ್ರೆ ಪೋಲ್ ಯಾಕೆ ಬೇಕು? ಮಾರ್ಕೆಟ್ ಎಷ್ಟು ದೊಡ್ಡದು ಅಂತ ಅಳೆಯೋಕೆ ಅಲ್ಲ. ಯಾರನ್ನ ಮಾತಾಡಿಸಬೇಕು ಅಂತ ಹುಡುಕೋಕೆ.

—

4/9

ಫೋಟೋ: ಎರಡನೇ ಪೋಲ್‌ನ ಸ್ಕ್ರೀನ್‌ಶಾಟ್.

ಎರಡನೇ ಸಲ ನಮ್ಮ ಪುಡಿ ವಿಷಯವನ್ನೇ ಎತ್ತಲಿಲ್ಲ. ಕೇಳಿದ್ದು ಇಷ್ಟು: “ನೀವೀಗ ಇರೋ ಕಡೆ ಕಾಫಿ ಪುಡಿ ಎಲ್ಲಿಂದ ಬರುತ್ತೆ?”

ನಾಲ್ಕು ಆಯ್ಕೆ ಕೊಟ್ಟೆ. ಮನೆ ತೋಟದ್ದೇ. ಅಂಗಡಿ ಪ್ಯಾಕೆಟ್. ಪುಡಿ ಅಂಗಡಿಯಲ್ಲಿ ಕಣ್ಣೆದುರೇ ಅರೆಸೋದು. ಇನ್‌ಸ್ಟಂಟ್ ಅಥವಾ ಟೀ.

ಇದರಲ್ಲಿ ನನ್ನನ್ನ ಖುಷಿಪಡಿಸೋ ಉತ್ತರನೇ ಇಲ್ಲ, ನೋಡಿ. ಯಾವುದು ಒತ್ತಿದ್ರೆ ನನಗೆ ಬೇಜಾರಾಗುತ್ತೆ ಅಂತ ಯಾರಿಗೂ ಗೊತ್ತಾಗಲ್ಲ. ಹಾಗಾಗಿ ಇದ್ದದ್ದನ್ನ ಇದ್ದ ಹಾಗೆ ಒತ್ತುತ್ತಾರೆ. “ತಗೋತೀರಾ?” ಅನ್ನೋದು ಮುಂದಿನ ಮಾತು, ಅದಕ್ಕೆ ಏನು ಬೇಕಾದ್ರೂ ಹೇಳಬಹುದು. “ಎಲ್ಲಿಂದ ಬರುತ್ತೆ?” ಅನ್ನೋದು ಈಗಾಗಲೇ ನಡೀತಿರೋ ವಿಷಯ.

88 ಜನ ಒತ್ತಿದ್ರು. ಮನೆ ತೋಟದ್ದು 37, ಅಂಗಡಿ ಪ್ಯಾಕೆಟ್ 22, ಅರೆಸೋದು 11, ಇನ್‌ಸ್ಟಂಟ್ ಅಥವಾ ಟೀ 18. ಈ ಲೆಕ್ಕದಿಂದ ಕೊಡಗಿನ ಬಗ್ಗೆಯಾಗಲಿ ಬೆಂಗಳೂರಿನ ಬಗ್ಗೆಯಾಗಲಿ ನಾನೇನೂ ಹೇಳಲ್ಲ. ನನಗೆ ಬೇಕಾಗಿದ್ದು ಮಧ್ಯದ ಎರಡು ಸಾಲಿನ ಹೆಸರುಗಳು. 22 ಮತ್ತು 11, ಒಟ್ಟು 33 ಜನ. ದುಡ್ಡು ಕೊಟ್ಟು ಪುಡಿ ಕೊಳ್ಳೋರು.

ಆ 33 ಜನಕ್ಕೂ ಒಬ್ಬೊಬ್ಬರಾಗಿ ಮೆಸೇಜ್ ಮಾಡಿದೆ. “ಅಕ್ಕಾ, ಒಂದೈದು ಪ್ರಶ್ನೆ, ಮಾರೋಕೆ ಬಂದಿಲ್ಲ” ಅಂತ ಶುರು. ಕೊನೇ ಸಲ ಪುಡಿ ತಗೊಂಡಿದ್ದು ಎಲ್ಲಿ? ಎಷ್ಟು ಗ್ರಾಂ? ಎಷ್ಟು ಕೊಟ್ರಿ? ಎಷ್ಟು ದಿನ ಬಂತು? ಅದರಲ್ಲಿ ಏನು ಇಷ್ಟ ಆಗಲಿಲ್ಲ?

ಎಲ್ಲದರಲ್ಲೂ “ಕೊನೇ ಸಲ” ಅನ್ನೋದಿದೆ. “ಸಾಮಾನ್ಯವಾಗಿ ಎಷ್ಟು ತಗೋತೀರಾ” ಅಂತ ಕೇಳಿದ್ರೆ ಜನ ತಾವು ಹೇಗಿರಬೇಕು ಅಂದುಕೊಂಡಿದ್ದಾರೋ ಅದನ್ನ ಹೇಳ್ತಾರೆ. ಕೊನೇ ಸಲದ್ದು ಕೇಳಿದ್ರೆ ಅಡುಗೆಮನೆಗೆ ಹೋಗಿ ಪ್ಯಾಕೆಟ್ ನೋಡಿಕೊಂಡು ಬಂದು ಹೇಳ್ತಾರೆ. ಇಬ್ಬರಂತೂ ಪ್ಯಾಕೆಟ್ ಫೋಟೋನೇ ಕಳಿಸಿದ್ರು.

21 ಜನ ಉತ್ತರ ಕೊಟ್ರು. ಅದರಲ್ಲಿ 13 ಜನ ಊರು ಬಿಟ್ಟು ರೂಮ್ ಮಾಡಿಕೊಂಡಿರೋರು. ಅವರ ದೂರು ಹೆಚ್ಚುಕಮ್ಮಿ ಒಂದೇ: “ಪ್ಯಾಕೆಟ್ ಅರ್ಧ ಆಗೋಷ್ಟರಲ್ಲಿ ಘಮ ಹೋಗಿರುತ್ತೆ.” ಒಂದು ಕಪ್‌ಗೆ ಸುಮಾರು 10 ಗ್ರಾಂ ಪುಡಿ. ವಾರಕ್ಕೆ ಮೂರು ಸಲ ಕಾಫಿ ಮಾಡಿಕೊಳ್ಳೋರಿಗೆ 250 ಗ್ರಾಂ ಪ್ಯಾಕೆಟ್ ಎರಡು ತಿಂಗಳು ಬರುತ್ತೆ. ಪುಡಿ ಮಾಡಿದ ಕಾಫಿ ಅಷ್ಟು ದಿನ ತಾಳಲ್ಲ.

ನಾವು 40 ಪ್ಯಾಕೆಟ್‌ಗೂ 250 ಗ್ರಾಂ ತುಂಬಿದ್ದು ಯಾಕೆ ಗೊತ್ತಾ? ಅಂಗಡಿಯಲ್ಲಿ ಆ ಸೈಜಿನ ಪೌಚ್ ಇತ್ತು, ಅದಕ್ಕೆ.

—

5/9

ಫೋಟೋ: ಸ್ಟೀಲ್ ಲೋಟದಲ್ಲಿ ಕಾಫಿ, ಪಕ್ಕದಲ್ಲಿ ಸೋಸೋ ಬಟ್ಟೆ.

ನೇರವಾಗಿ ಕೇಳಿದ್ರೆ ಜನ ಹೇಳದ ಕಾರಣಗಳೂ ಇರ್ತವೆ. ಇದಕ್ಕೆ ಕಾಫಿಯದ್ದೇ ಒಂದು ಹಳೇ ಉದಾಹರಣೆ ಇದೆ.

1950ರಲ್ಲಿ ಮೇಸನ್ ಹೇರ್ ಅನ್ನೋ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದ್ರು. ಆಗ ಅಮೆರಿಕದಲ್ಲಿ ಇನ್‌ಸ್ಟಂಟ್ ಕಾಫಿ ಬೇಡ ಅನ್ನೋ ಗೃಹಿಣಿಯರನ್ನ ಯಾಕೆ ಅಂತ ಕೇಳಿದ್ರೆ “ರುಚಿ ಚೆನ್ನಾಗಿಲ್ಲ” ಅಂತಿದ್ರು. ಹೇರ್ ಅದನ್ನ ಹಾಗೇ ನಂಬಲಿಲ್ಲ. ಎರಡು ದಿನಸಿ ಚೀಟಿ ಬರೆದ್ರು. ಬ್ರೆಡ್, ಕ್ಯಾರೆಟ್, ಆಲೂಗಡ್ಡೆ, ಹೀಗೆ ಎಲ್ಲಾ ಒಂದೇ. ವ್ಯತ್ಯಾಸ ಒಂದೇ ಸಾಲಿನಲ್ಲಿ. ಒಂದರಲ್ಲಿ ಮ್ಯಾಕ್ಸ್‌ವೆಲ್ ಹೌಸ್ ಪುಡಿ, ಇನ್ನೊಂದರಲ್ಲಿ ನೆಸ್‌ಕಫೆ ಇನ್‌ಸ್ಟಂಟ್. ಒಬ್ಬರಿಗೆ ಒಂದೇ ಚೀಟಿ ತೋರಿಸಿ “ಈ ಸಾಮಾನು ಕೊಂಡ ಹೆಂಗಸು ಎಂಥವಳಿರಬಹುದು?” ಅಂತ ಕೇಳಿದ್ರು.

ಇನ್‌ಸ್ಟಂಟ್ ಇದ್ದ ಚೀಟಿ ನೋಡಿದವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನ “ಸೋಮಾರಿ” ಅಂದ್ರು. ಪುಡಿ ಇದ್ದ ಚೀಟಿ ನೋಡಿದವರಲ್ಲಿ ಹಾಗಂದವರು ತೀರಾ ಕಡಿಮೆ. ಅಂದ್ರೆ ತಡೀತಿದ್ದಿದ್ದು ನಾಲಿಗೆ ಮಾತ್ರ ಅಲ್ಲ, “ನೋಡಿದವರು ಏನಂದುಕೊಳ್ತಾರೆ” ಅನ್ನೋದೂ ಇತ್ತು. ಅದನ್ನ ಯಾರೂ ತಮ್ಮ ಬಾಯಿಂದ ಹೇಳಿರಲಿಲ್ಲ.

ಕ್ವೆಶ್ಚನ್ ಬಾಕ್ಸ್‌ಗೆ ಇದಕ್ಕಿಂತ ಒಳ್ಳೇ ಪಾಠ ನನಗೆ ಸಿಕ್ಕಿಲ್ಲ. “ನೀವು ಯಾಕೆ ಫಿಲ್ಟರ್ ಕಾಫಿ ಮಾಡಲ್ಲ?” ಅಂತ ಕೇಳಿದ್ರೆ ಬೈದ ಹಾಗಿರುತ್ತೆ. ಅದಕ್ಕೆ ನಾನು ಕೇಳಿದ್ದು: “ನಿಮ್ಮ ರೂಮ್‌ಮೇಟ್ ಇನ್‌ಸ್ಟಂಟೇ ಕುಡಿಯೋದು ಯಾಕೆ? 😄”

ಉತ್ತರಗಳು ಸುರಿದವು. “ಫಿಲ್ಟರ್ ತೊಳೆಯೋರ್ಯಾರು.” “ಡಿಕಾಕ್ಷನ್ ಇಳಿಯೋಷ್ಟರಲ್ಲಿ ಬಸ್ ಹೋಗಿರುತ್ತೆ.” “ಫಿಲ್ಟರೇ ಇಲ್ಲ, ಒಂದು ಪಾತ್ರೆ, ಒಂದು ಇಂಡಕ್ಷನ್.” ರೂಮ್‌ಮೇಟ್ ಹೆಸರಲ್ಲಿ ಎಲ್ಲರೂ ತಮ್ಮದೇ ಕಥೆ ಹೇಳ್ತಿದ್ರು.

ರುಚಿ, ರೇಟು ಎರಡರ ಮಾತೂ ಅಲ್ಲಿ ಕಡಿಮೆ. ಅಡ್ಡ ಬಂದಿದ್ದು ಫಿಲ್ಟರ್! ನಮ್ಮನೆಯಲ್ಲಂತೂ ಮೊದಲಿಂದ ನೀರು ಕುದಿಸಿ, ಪುಡಿ ಹಾಕಿ, ಮುಚ್ಚಿಟ್ಟು, ಬಟ್ಟೆಯಲ್ಲಿ ಸೋಸೋದು. ಅದನ್ನೇ ನಾಲ್ಕು ಸಾಲಿನಲ್ಲಿ ಬರೆದು ಪ್ಯಾಕೆಟ್ ಹಿಂದೆ ಅಂಟಿಸೋಣ ಅಂತ ಅಮ್ಮ ಹೇಳಿದ್ರು. ಆ ಐಡಿಯಾ ಪೋಲ್‌ನಿಂದ ಬರ್ತಿರಲಿಲ್ಲ. ಪೋಲ್‌ನಲ್ಲಿ ನಾವು ಬರೆದ ಆಯ್ಕೆಗಳಷ್ಟೇ ಇರ್ತವೆ, ನಮಗೆ ಹೊಳೆಯದೇ ಇದ್ದಿದ್ದು ಅಲ್ಲಿ ಇರಲ್ಲ.

—

6/9

ಫೋಟೋ: ನೋಟ್‌ಬುಕ್, ನಾಲ್ಕು ಕಾಲಂ.

ಈಗ ಕಾಮೆಂಟ್. ನಮ್ಮ ಪೋಸ್ಟ್ ಕೆಳಗಿನದ್ದು ಮಾತ್ರ ಅಲ್ಲ. ಇಂಥದ್ದೇ ಪುಡಿ ಮಾರೋರ ಪಬ್ಲಿಕ್ ಪೋಸ್ಟ್‌ಗಳ ಕೆಳಗೆ ಜನ ಏನು ಬರೀತಾರೆ ಅನ್ನೋದೂ ನಮಗೆ ಪಾಠನೇ. ಅವರ ಗ್ರಾಹಕರು ತಾವಾಗೇ, ಯಾರೂ ಕೇಳದೇ ಬರೆದಿರೋದು ಅದು.

ನಾನು ಐದಾರು ಪೇಜ್‌ಗಳಿಂದ 120 ಕಾಮೆಂಟ್ ತಗೊಂಡೆ. ಇಷ್ಟ ಬಂದಿದ್ದನ್ನ ಆರಿಸಿಕೊಂಡರೆ ಮೋಸ, ಅದಕ್ಕೆ ಪ್ರತಿ ಪೋಸ್ಟ್‌ನ ಮೊದಲ 20ನ್ನ ಸಾಲಾಗಿ ಬರೆದೆ. ಆಮೇಲೆ ಕಾಲಂ ಮಾಡಿದೆ: ಏನು ಬರೆದಿದ್ದಾರೆ, ಪ್ರಶ್ನೆಯೋ ದೂರೋ ಹೊಗಳಿಕೆಯೋ, ಯಾವ ವಿಷಯ, ಅದೇ ವ್ಯಕ್ತಿ ಮೊದಲು ಬರೆದಿದ್ದಾರಾ.

ಮೊದಲ ಕೆಲಸ ಹೊಗಳಿಕೆ ತೆಗೆದುಹಾಕೋದು. “ಸೂಪರ್”, “👌👌”, “ಆಲ್ ದ ಬೆಸ್ಟ್”, ಗಿವ್‌ಅವೇಗೆ ಅಂತ ಫ್ರೆಂಡ್ಸ್‌ನ ಟ್ಯಾಗ್ ಮಾಡಿದ್ದು, ಎಲ್ಲಾ ಹೋಯ್ತು. ಉಳಿದಿದ್ದು 46. ಅರ್ಧಕ್ಕಿಂತ ಹೆಚ್ಚು ಬರೀ ಚಪ್ಪಾಳೆ!

ಎರಡನೇದು, ಕಾಮೆಂಟ್ ಬದಲು ಜನರನ್ನ ಎಣಿಸೋದು. ಒಬ್ಬರೇ ನಾಲ್ಕು ಸಲ ರಿಪ್ಲೈ ಮಾಡಿದ್ರೆ ಅದು ಒಂದೇ. ಹಾಗೆ ನೋಡಿದ್ರೆ 46 ಕಾಮೆಂಟ್ ಬರೆದಿದ್ದು 38 ಜನ.

ಮೂರನೇದು ಗುಂಪು ಮಾಡೋದು. 14 ಜನ ಡೆಲಿವರಿ ಬಗ್ಗೆ ಕೇಳಿದ್ರು, ಬರುತ್ತಾ, ಎಷ್ಟಾಗುತ್ತೆ ಅಂತ. 10 ಜನ ಚಿಕೋರಿ ಬಗ್ಗೆ. 8 ಜನ “ನನ್ನ ಹತ್ರ ಫಿಲ್ಟರ್ ಇಲ್ಲ, ಆಗುತ್ತಾ” ಅನ್ನೋ ಥರದ್ದು. ಉಳಿದ 6 ಬಿಡಿಬಿಡಿ. ಡೆಲಿವರಿ ಎದ್ದು ಕಾಣುತ್ತೆ. ಚಿಕೋರಿ 10, ಫಿಲ್ಟರ್ 8, ಇವೆರಡರಲ್ಲಿ ಯಾವುದು ಮುಂದೆ ಅಂತ ಹೇಳೋಕೆ ಬರಲ್ಲ. ಇಬ್ಬರ ವ್ಯತ್ಯಾಸ ಏನೂ ಅಲ್ಲ.

ಚಿಕೋರಿ ವಿಷಯ ನಾನು ಊಹಿಸಿರಲಿಲ್ಲ. ನಾನು “ಪ್ಯೂರ್” ಅಂತ ಬರೆದಿದ್ದೆ. ಜನ ಆ ಪದವನ್ನ ನಂಬಲ್ಲ, ನೇರವಾಗಿ “ಚಿಕೋರಿ ಎಷ್ಟು?” ಅಂತಾನೇ ಕೇಳ್ತಾರೆ. ಕಾಫಿ-ಚಿಕೋರಿ ಮಿಶ್ರಣ ಆದ್ರೆ ಅದರಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರೋಹಾಗಿಲ್ಲ, ಎಷ್ಟೆಷ್ಟು ಅಂತ ಪ್ಯಾಕೆಟ್ ಮೇಲೆ ಬರೀಬೇಕು, ಇದು ಆಹಾರ ಸುರಕ್ಷತೆಯ ನಿಯಮ. ಅದನ್ನ ಓದೋರು ನಿಜವಾಗ್ಲೂ ಇದ್ದಾರೆ. ನಮ್ಮ ಹೊಸ ಸ್ಟಿಕ್ಕರ್‌ನಲ್ಲಿ “ಪ್ಯೂರ್” ಹೋಯ್ತು, “ಕಾಫಿ 100%, ಚಿಕೋರಿ ಇಲ್ಲ” ಬಂತು. ಜನ ಯಾವ ಪದದಲ್ಲಿ ಕೇಳ್ತಾರೋ ಆ ಪದದಲ್ಲೇ ಉತ್ತರ.

ಎರಡು ಎಚ್ಚರಿಕೆ. ಮಾರೋರು ಕೆಟ್ಟ ಕಾಮೆಂಟ್ ಅಳಿಸಿರಬಹುದು, ಹಾಗಾಗಿ ದೂರು ಕಡಿಮೆ ಕಂಡ್ರೆ ದೂರೇ ಇಲ್ಲ ಅಂತಲ್ಲ. ಮತ್ತೆ, ಬೇರೆಯವರ ಕಾಮೆಂಟನ್ನ ಹೆಸರು ಸಮೇತ ಸ್ಕ್ರೀನ್‌ಶಾಟ್ ತೆಗೆದು ಹಾಕಬೇಡಿ. ನಮಗೆ ಬೇಕಿರೋದು ಮಾತು, ಮುಖ ಅಲ್ಲ.

—

7/9

ಫೋಟೋ: ಅಮ್ಮನ ಕೈಬರಹದ ಲೆಕ್ಕ.

ಇಷ್ಟೆಲ್ಲ ಆದ್ಮೇಲೂ ಜನ ದುಡ್ಡು ಕೊಡ್ತಾರಾ ಅಂತ ಗೊತ್ತಾಗಿಲ್ಲ. ಅದು ಗೊತ್ತಾಗೋದು ದುಡ್ಡು ಕೇಳಿದಾಗಲೇ. ಆದ್ರೆ ಕೇಳೋ ಮೊದಲು ಒಂದು ಗೆರೆ ಎಳೆದುಕೊಳ್ಳಬೇಕು.

ಇದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಕೊಡ್ತೀನಿ. ಬೆಂಗಳೂರಿನ ಐಡಿ ಫ್ರೆಶ್, ಇಡ್ಲಿ ದೋಸೆ ಹಿಟ್ಟಿನ ಕಂಪನಿ. 2005ರಲ್ಲಿ ಸೋದರಸಂಬಂಧಿಗಳು ಸೇರಿ ಒಂದು ಪುಟ್ಟ ಜಾಗದಲ್ಲಿ ಶುರುಮಾಡಿದ್ದು. ಅವರಲ್ಲಿ ಒಬ್ಬರಾದ ಪಿ.ಸಿ. ಮುಸ್ತಫಾ ಇದನ್ನ ಹಲವು ಕಡೆ ಹೇಳಿದ್ದಾರೆ. ಮೊದಲು ಸಣ್ಣ ಮೊತ್ತ ಹಾಕಿ, 20 ಅಂಗಡಿಗೆ ಹಿಟ್ಟು ಕೊಟ್ಟು, ದಿನಕ್ಕೆ 100 ಪ್ಯಾಕೆಟ್ ಹೋಗುತ್ತಾ ಅಂತ ನೋಡೋದು, ಹೋದ್ರೆ ಮಾತ್ರ ಮುಂದಿನ ದುಡ್ಡು. ಆ 100 ಮುಟ್ಟೋಕೆ ಒಂಬತ್ತು ತಿಂಗಳು ಬೇಕಾಯ್ತಂತೆ. ಸಂಖ್ಯೆ ಮೊದಲು, ದುಡ್ಡು ಆಮೇಲೆ.

ಗೆರೆ ಮೊದಲೇ ಎಳೀದಿದ್ರೆ ಏನಾಗುತ್ತೆ? ಬಂದ ಸಂಖ್ಯೆ ಯಾವುದೇ ಇರಲಿ, “ಪರವಾಗಿಲ್ಲ, ಚೆನ್ನಾಗೇ ಬಂದಿದೆ” ಅನ್ನಿಸುತ್ತೆ.

ನಮ್ಮ ಲೆಕ್ಕ ಹೀಗಿತ್ತು. 100 ಗ್ರಾಂ ಪ್ಯಾಕೆಟ್. 120 ಗ್ರಾಂ ಬೀಜಕ್ಕೆ 48 ರೂಪಾಯಿ, ಹುರಿದು ಪುಡಿ ಮಾಡಿಸೋಕೆ 5, ಪೌಚ್ ಸ್ಟಿಕ್ಕರ್ 12. ಒಟ್ಟು 65. ರೇಟ್ ಎಷ್ಟಿಡೋದು? “ಎಷ್ಟಾದ್ರೆ ತಗೋತೀರಾ” ಅಂತ ಕೇಳಿದ್ರೆ ಎಲ್ಲರೂ ಕಡಿಮೆನೇ ಹೇಳ್ತಾರೆ. ಅದಕ್ಕೆ 21 ಜನ ಕೊನೇ ಸಲ ಕೊಟ್ಟಿದ್ದನ್ನ 100 ಗ್ರಾಂಗೆ ಲೆಕ್ಕ ಹಾಕಿದೆ, 70ರಿಂದ 110ರವರೆಗೆ ಇತ್ತು. ನಾವು 90 ಇಟ್ವಿ. ಉಳಿಯೋದು ಪ್ಯಾಕೆಟ್‌ಗೆ 25.

ಈಗ 40,000 ಸಾಲವನ್ನ 25ರಿಂದ ಭಾಗಿಸಿ. 1,600 ಪ್ಯಾಕೆಟ್. ಬಡ್ಡಿ ಬಿಟ್ಟು! ಎರಡು ವರ್ಷದಲ್ಲಿ ತೀರಬೇಕು ಅಂದ್ರೆ ತಿಂಗಳಿಗೆ 67.

ಇದನ್ನ ಅಮ್ಮನ ಮುಂದೆ ಬರೆದಾಗ ಅವರು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಅವರೇ ಪೆನ್ ತಗೊಂಡು ಗೆರೆ ಎಳೆದ್ರು. 67 ದಾಟಿದ್ರೆ ಸಾಲದ ಮಾತು. 16ಕ್ಕಿಂತ ಕಡಿಮೆ ಆದ್ರೆ ದುಡ್ಡು ವಾಪಸ್ ಕೊಟ್ಟು ನಿಲ್ಲಿಸೋದು, ಯಾಕಂದ್ರೆ ಹುರಿದು ಕೊಡೋರು ಒಂದು ಸಲಕ್ಕೆ 2 ಕೆಜಿ ಬೀಜಕ್ಕಿಂತ ಕಡಿಮೆ ಹಾಕಲ್ಲ, ಅದರಲ್ಲಿ 16 ಪ್ಯಾಕೆಟ್ ಆಗುತ್ತೆ. ಮಧ್ಯದಲ್ಲಿ ಬಂದ್ರೆ ಬಾಡಿಗೆಗೇ ಹುರಿಸಿ ಇನ್ನೊಂದು ತಿಂಗಳು ನೋಡೋದು.

—

8/9

ಫೋಟೋ: ಹೊಸ 100 ಗ್ರಾಂ ಪ್ಯಾಕೆಟ್, ಹಿಂಬದಿ.

ಪೋಸ್ಟ್ ಹಾಕಿದ್ವಿ. ಎಫ್‌ಎಸ್‌ಎಸ್‌ಎಐ ನೋಂದಣಿ ಮೊದಲೇ ಆಗಿತ್ತು, ತಿನ್ನೋದು ಕುಡಿಯೋದು ಮಾರೋರು ಅದನ್ನ ಮರೀಬೇಡಿ. ಪೋಸ್ಟ್‌ನಲ್ಲಿ ಇದ್ದಿದ್ದು ಇಷ್ಟು: 100 ಗ್ರಾಂ, ಕಾಫಿ 100%, ಫಿಲ್ಟರ್ ಇಲ್ಲದೆ ಮಾಡೋ ವಿಧಾನ ಪ್ಯಾಕೆಟ್ ಮೇಲಿದೆ, 90 ರೂಪಾಯಿ, ಕೊರಿಯರ್ ಬೇರೆ, ಯುಪಿಐನಲ್ಲಿ ದುಡ್ಡು ಮೊದಲು, ಶುಕ್ರವಾರ ಕೊನೆ ದಿನ, ಶನಿವಾರ ಹುರಿಸಿ ಸೋಮವಾರ ಕಳಿಸ್ತೀವಿ. ಕಡಿಮೆ ಆರ್ಡರ್ ಬಂದ್ರೆ ದುಡ್ಡು ವಾಪಸ್ ಅಂತಲೂ ಬರೆದಿದ್ವಿ.

ಅದೇ ಸ್ಟೋರಿಲಿ ಪೋಲ್ ಕೂಡ ಇಟ್ಟೆ, ಬೇಕಂತಲೇ. “ಬೇಕು” ಅಂತ ಒತ್ತಿದವರು 29 ಜನ. ಶುಕ್ರವಾರ ರಾತ್ರಿಯೊಳಗೆ ದುಡ್ಡು ಕಳಿಸಿದವರು 14. ಬರೀ ಒತ್ತೋಕೂ ಪಿನ್ ಹಾಕಿ ದುಡ್ಡು ಕಳಿಸೋಕೂ ಇರೋ ದೂರ ಅದು. ಅರ್ಧಕ್ಕರ್ಧ. ಇನ್ನು ಮುಂದೆ ನನ್ನ ಪೋಲ್‌ನಲ್ಲಿ “ಬೇಕು” ಅಂತ ಬಂದಿದ್ದನ್ನ ನಾನು ಅರ್ಧ ಮಾಡಿಯೇ ಓದ್ತೀನಿ. ನಿಮ್ಮ ಲಿಸ್ಟ್‌ನಲ್ಲಿ ಅದು ಕಾಲು ಭಾಗನೇ ಆಗಬಹುದು, ನೀವೇ ಒಂದು ಸಲ ಅಳೆದು ನೋಡಬೇಕು.

ದುಡ್ಡು ಕಳಿಸದ 15 ಜನಕ್ಕೂ ಮೆಸೇಜ್ ಮಾಡಿದೆ. “ಬೇಜಾರಿಲ್ಲ, ಯಾಕೆ ಅಂತ ಮಾತ್ರ ಹೇಳಿ.” 9 ಜನ ಉತ್ತರ ಕೊಟ್ರು, 6 ಜನ ಹೇಳಿದ್ದು ಒಂದೇ: 90 ರೂಪಾಯಿ ಪುಡಿಗೆ ಹತ್ತಿರಹತ್ತಿರ ಅಷ್ಟೇ ಕೊರಿಯರ್. ಕಾಮೆಂಟ್ ಲೆಕ್ಕದಲ್ಲಿ ಡೆಲಿವರಿನೇ ಮುಂದಿತ್ತು ಅಂತ ನೆನಪಿದೆಯಾ? ಉತ್ತರ ನೋಟ್‌ಬುಕ್ಕಿನಲ್ಲೇ ಇತ್ತು. ಪ್ಯಾಕೆಟ್ ಸಣ್ಣದು ಮಾಡೋ ಭರದಲ್ಲಿ ನಾನು ಅದನ್ನ ದಾಟಿ ಹೋಗಿದ್ದೆ.

14 ಜನರಿಂದ ಒಟ್ಟು 22 ಪ್ಯಾಕೆಟ್. 16ರ ಮೇಲೆ, 67ರ ತುಂಬಾ ಕೆಳಗೆ. ಬಾಡಿಗೆಗೆ ಹುರಿಸಿ ಕಳಿಸಿದ್ವಿ.

ಎರಡನೇ ತಿಂಗಳು ನಾನು ಕಾದಿದ್ದು ಹೊಸಬರಿಗಲ್ಲ, ಹಳಬರಿಗೆ. ಮೊದಲ ಸಲ ನನ್ನ ಮುಖ ನೋಡಿ ತಗೊಂಡಿರಬಹುದು. ಎರಡನೇ ಸಲ ತಗೊಂಡ್ರೆ ಅದು ಪುಡಿಗೋಸ್ಕರ. 14ರಲ್ಲಿ 9 ಜನ ಮತ್ತೆ ತಗೊಂಡ್ರು, ಹೊಸಬರು 4. ಒಂದೇ ಆಫೀಸಿನ ನಾಲ್ವರು ಸೇರಿ ಒಂದೇ ಡಬ್ಬಿಯಲ್ಲಿ ತರಿಸಿಕೊಂಡ್ರು, ಅವರಿಗೆ ಕೊರಿಯರ್ ಹಂಚಿಹೋಯ್ತು. ಒಟ್ಟು 24 ಪ್ಯಾಕೆಟ್.

—

9/9

ಫೋಟೋ: ಅದೇ ಶೆಲ್ಫ್. ಈಗ ಖಾಲಿ.

ಸಾಲ ತಗೊಳ್ಳಲಿಲ್ಲ. ತಿಂಗಳಿಗೆ 24 ಪ್ಯಾಕೆಟ್ ಲೆಕ್ಕದಲ್ಲಿ 1,600 ಮುಗಿಸೋಕೆ ಐದೂವರೆ ವರ್ಷ ಬೇಕು. ಅಮ್ಮನೇ ಸಂಘದಲ್ಲಿ “ಈ ಸಲ ಬೇಡ” ಅಂತ ಹೇಳಿ ಬಂದ್ರು. ಪುಡಿ ಮಾತ್ರ ತಿಂಗಳಿಗೊಂದು ಸಲ ನಡೀತಿದೆ. ಇದು ಗೆದ್ದ ಕಥೆ ಅಂತ ನಾನು ಹೇಳಲ್ಲ. 40,000 ಉಳಿದ ಕಥೆ.

ನನ್ನ ಕ್ಲಾಸ್‌ಮೇಟ್ ಒಬ್ಬಳು ಕೇಳಿದಳು, “ಇಷ್ಟೆಲ್ಲ ಮಾಡೋಕೆ ಎರಡು ವಾರ ಆಯ್ತು, ಅಷ್ಟರಲ್ಲಿ ಮಾಡಿ ಮಾರೇ ನೋಡಬಹುದಿತ್ತಲ್ವಾ?” ಅಂತ. ಅವಳ ಮಾತಲ್ಲಿ ಅರ್ಧ ನಿಜ ಇದೆ. ಹತ್ತು ಪ್ಯಾಕೆಟ್ ಮಾಡಿ ಮಾರಿ ನೋಡೋಕೆ ಆಗೋ ವಸ್ತುವಾದ್ರೆ ಮಾರಿಯೇ ನೋಡಿ, ಪೋಲ್ ಬೇಡ. ಆದ್ರೆ ಯಾರಿಗೆ ಮಾರೋದು, ಎಷ್ಟು ಗ್ರಾಂ, ಪ್ಯಾಕೆಟ್ ಮೇಲೆ ಏನು ಬರೀಬೇಕು ಅನ್ನೋದು ಗೊತ್ತಿಲ್ಲದೆ ನಾವು ಮೊದಲು ಮಾಡಿ ನೋಡಿದ್ವಲ್ಲ, ಅದಕ್ಕೆ 6,000 ಆಯ್ತು. ಎರಡನೇ ಸಲಕ್ಕೆ ಖರ್ಚಾಗಿದ್ದು ನನ್ನ ಸಂಜೆಗಳು.

ಇದರಿಂದ ಗೊತ್ತಾಗದೇ ಇರೋದೂ ಇದೆ. ಹೆಚ್ಚಿನ ಮನೆಗಳಲ್ಲಿ ಪುಡಿ ಯಾವುದು ಅಂತ ತೀರ್ಮಾನ ಮಾಡೋರು ಅಮ್ಮ, ಅಜ್ಜಿ, ಚಿಕ್ಕಮ್ಮ. ಅವರು ನನ್ನ ಸ್ಟೋರಿ ನೋಡಲ್ಲ. ಅವರನ್ನ ಕೇಳಬೇಕು ಅಂದ್ರೆ ಮನೆಗೇ ಹೋಗಬೇಕು. ಹಾಗಾಗಿ ನನ್ನ 24 ಪ್ಯಾಕೆಟ್ ರೂಮ್ ಮಾಡಿಕೊಂಡಿರೋರ ಲೆಕ್ಕ ಅಷ್ಟೇ, ಊರಿನ ಲೆಕ್ಕ ಅಲ್ಲ.

ನಿಮ್ಮಲ್ಲಿ ಕೆಲವರು ಈ ವರ್ಷ ಮನೆ ಚಾಕಲೇಟ್, ಜೇನು, ಮಸಾಲೆ ಅಂತ ಶುರು ಮಾಡೋಕೆ ಹೊರಟಿದ್ದೀರಿ, ನನಗೆ ಗೊತ್ತು. “ತಗೋತೀರಾ?” ಅಂತ ನನಗೆ ಪೋಲ್ ಕಳಿಸ್ತೀರಿ. ನಾನು “ಪಕ್ಕಾ 😍” ಒತ್ತೇ ಒತ್ತುತ್ತೀನಿ, ಫ್ರೆಂಡ್ ಅಲ್ವಾ. ದಯವಿಟ್ಟು ನಂಬಬೇಡಿ. ಅದರ ಬದಲು “ಕೊನೇ ಸಲ ಜೇನು ಯಾವಾಗ ಕೊಂಡಿದ್ದು?” ಅಂತ ಕೇಳಿ.

ಕೊಂಡೇ ಇಲ್ಲ. ನಮ್ಮನೆಗೆ ಪ್ರತಿ ವರ್ಷ ಮಾವ ತಂದುಕೊಡ್ತಾರೆ.

#ಪಾಲಿಬೆಟ್ಟ #ಕಾಫಿಪುಡಿ #ಬಿಕಾಂಲೆಕ್ಕ